ಲಿಥಿಯಂ ನಡೆಯುವ ದಾರಿಯನ್ನು ನೀವೇ ಅಳೆಯಿರಿ: ಒಂದು ಸ್ಫಟಿಕದ ಫೈಲಿನಿಂದ ಬ್ಯಾಟರಿಯ ಕೆಪಾಸಿಟಿಯವರೆಗೆ

ಹಳೆಯ ಮೊಬೈಲಿನ ಬ್ಯಾಟರಿ ಸಿಕ್ಕರೆ ಅದರ ಲೇಬಲ್ ಓದಿ ನೋಡಿ. ಹತ್ತು-ಹದಿನೈದು ವರ್ಷದ ಹಿಂದಿನದಾದರೆ 3.7 ವೋಲ್ಟ್ ಎಂದೂ, ಚಾರ್ಜ್ ಮಿತಿ 4.2 ವೋಲ್ಟ್ ಎಂದೂ ಇರುತ್ತದೆ. ಈಚಿನ ಎಷ್ಟೋ ಬ್ಯಾಟರಿಗಳಲ್ಲಿ 3.85 ಮತ್ತು 4.4 ಎಂದಿರುತ್ತದೆ. ಎರಡರ ಒಳಗೂ ಇರುವ ಕ್ಯಾಥೋಡ್ ಸಾಮಾನ್ಯವಾಗಿ ಒಂದೇ ವಸ್ತು: ಲಿಥಿಯಂ ಕೋಬಾಲ್ಟ್ ಆಕ್ಸೈಡ್, LiCoO₂. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಿಝುಷಿಮಾ, ಗುಡ್‌ಇನಫ್ ಮತ್ತು ಸಂಗಡಿಗರು ಇದರಿಂದ ಲಿಥಿಯಂ ಹೊರತೆಗೆದು ಮತ್ತೆ ತುಂಬಬಹುದೆಂದು ತೋರಿಸಿದರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು.

ರಾಸಾಯನಿಕ ಸೂತ್ರವನ್ನಷ್ಟೇ ನೋಡಿದರೆ ಈ ವಸ್ತು ಒಂದು ಗ್ರಾಮಿಗೆ 274 ಮಿಲಿಆಂಪ್-ಅವರ್ ಕೊಡಬೇಕು. ಹಳೆಯ ಬ್ಯಾಟರಿಗಳಲ್ಲಿ ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಅದರ ಅರ್ಧ. ಉಳಿದರ್ಧ ಲಿಥಿಯಂ ಅಲ್ಲೇ ಸ್ಫಟಿಕದೊಳಗೆ ಕೂತಿರುತ್ತದೆ. ಅದನ್ನೂ ಎಳೆದುಕೊಳ್ಳುವುದನ್ನು ತಡೆಯುವುದು ಯಾವುದು? ಉತ್ತರ ಆ ಸ್ಫಟಿಕದ ಪದರಗಳ ನಡುವಿನ ಸಂದಿಯಲ್ಲಿದೆ, ಮತ್ತು ಆ ಸಂದಿಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಅಳೆಯಬಹುದು. ಸ್ಫಟಿಕ ತೋರಿಸುವ ಉಚಿತ ತಂತ್ರಾಂಶ VESTA, ಸ್ವಲ್ಪ ಪೈಥಾನ್, ಪಿಯುಸಿ ಮಟ್ಟದ ರೇಖಾಗಣಿತ ಇದ್ದರೆ ಸಾಕು. ಬ್ಯಾಟರಿಯನ್ನು ಬಿಚ್ಚುವ ಅಗತ್ಯವಿಲ್ಲ. ದಯವಿಟ್ಟು ಬಿಚ್ಚಲೂ ಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ.

ಹಂತ 1: ಸ್ಫಟಿಕದ ಫೈಲ್ ತಂದು ಸರಿಯಿದೆಯೇ ನೋಡುವುದು

ಕ್ರಿಸ್ಟಲೋಗ್ರಫಿ ಓಪನ್ ಡೇಟಾಬೇಸ್‌ನಲ್ಲಿ LiCoO2 ಎಂದು ಹುಡುಕಿದರೆ ಸ್ಫಟಿಕದ ಅಳತೆಗಳನ್ನೂ ಪರಮಾಣುಗಳ ಜಾಗವನ್ನೂ ಬರೆದಿಟ್ಟ ಸಿಐಎಫ್ ಫೈಲುಗಳು ಉಚಿತವಾಗಿ ಸಿಗುತ್ತವೆ. ನಮಗೆ ಬೇಕಾದದ್ದು `R-3m` ಎಂಬ ಸಮ್ಮಿತಿ ಇರುವ ಫೈಲ್. VESTAದಲ್ಲಿ ತೆರೆದು a ಅಕ್ಷದ ಕಡೆಯಿಂದ ನೋಡಿದರೆ ಚಿರೋಟಿಯ ಅಡ್ಡಕೊಯ್ತದಂತೆ ಪದರಗಳು ಕಾಣುತ್ತವೆ: ಕೋಬಾಲ್ಟ್ ಮತ್ತು ಆಕ್ಸಿಜನ್ ಸೇರಿದ ಗಟ್ಟಿ ಹಾಳೆ, ಮೇಲೆ ಲಿಥಿಯಂ ಮಾತ್ರ ಇರುವ ಸಡಿಲ ಸಾಲು, ಮತ್ತೆ ಗಟ್ಟಿ ಹಾಳೆ. ಹೀಗೆ ಮೂರು ಸಲ ಬಂದರೆ ಒಂದು ಪೂರ್ತಿ ಘಟಕ.

ಇಡೀ ರಚನೆಯ ಅಸ್ಥಿಪಂಜರ ಆಕ್ಸಿಜನ್. ಸಂತೆಯಲ್ಲಿ ಕಿತ್ತಳೆ ಪೇರಿಸುವಾಗ ಕೆಳಸಾಲಿನ ಮೂರು ಹಣ್ಣುಗಳ ನಡುವಿನ ತಗ್ಗಿನಲ್ಲಿ ಮೇಲಿನ ಹಣ್ಣು ಕೂರಿಸುತ್ತಾರಲ್ಲ, ಆಕ್ಸಿಜನ್ ಅಯಾನುಗಳು ಹಾಗೇ ಪೇರಿಕೊಂಡಿವೆ. ಪೇರಿಸಿದ ಗೋಳಗಳ ನಡುವೆ ಎರಡು ಬಗೆಯ ಪೊಳ್ಳು ಉಳಿಯುತ್ತದೆ. ಆರು ಆಕ್ಸಿಜನ್ ಸುತ್ತುವರಿದ ದೊಡ್ಡ ಪೊಳ್ಳು ಅಷ್ಟಮುಖಿ, ನಾಲ್ಕು ಸುತ್ತುವರಿದ ಸಣ್ಣದು ಚತುರ್ಮುಖಿ. ಕೋಬಾಲ್ಟ್ ಮತ್ತು ಲಿಥಿಯಂ ಎರಡೂ ಅಷ್ಟಮುಖಿ ಪೊಳ್ಳುಗಳಲ್ಲಿವೆ, ಆದರೆ ಬೇರೆ ಬೇರೆ ಅಂತಸ್ತಿನಲ್ಲಿ. ಚತುರ್ಮುಖಿಗಳು ಖಾಲಿ. ಈ ಖಾಲಿ ಸಣ್ಣ ಪೊಳ್ಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಲಿಥಿಯಂ ಹಾದುಹೋಗುವುದು ಇದರ ಮೂಲಕವೇ.

ಮುಂದುವರಿಯುವ ಮೊದಲು ಒಂದು ಭಾಗಾಕಾರ ಮಾಡಿ. ಫೈಲಿನಲ್ಲಿ ಘಟಕದ ಬದಿಯ ಉದ್ದ a ಸುಮಾರು 2.816, ಎತ್ತರ c ಸುಮಾರು 14.05 ಆಂಗ್‌ಸ್ಟ್ರಾಮ್ ಇರಬೇಕು. c ಅನ್ನು a ಯಿಂದ ಭಾಗಿಸಿದರೆ 4.99 ಬರುತ್ತದೆ. ನಿಮಗೆ 4.90 ಬಂದರೆ ನಿಲ್ಲಿಸಿ. ಆಕ್ಸಿಜನ್ ಪೇರಿಕೆ ಎಲ್ಲ ದಿಕ್ಕಿಗೂ ಒಂದೇ ಸಮ ಇದ್ದಾಗ, ಅಂದರೆ ಲಿಥಿಯಂ-ಕೋಬಾಲ್ಟ್ ಪದರಗಳು ಸರಿಯಾಗಿ ಬೇರ್ಪಟ್ಟಿಲ್ಲದಾಗ ಬರುವ ಸಂಖ್ಯೆ ಅದು (ಲೆಕ್ಕದಲ್ಲಿ 2√6). 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಯಾರಿಸಿದ ಪುಡಿಯಲ್ಲಿ ಹೀಗಾಗುತ್ತದೆ. 800–900 ಡಿಗ್ರಿಯಲ್ಲಿ ಸುಟ್ಟರೆ ಮಾತ್ರ ಪದರಗಳು ಅಚ್ಚುಕಟ್ಟಾಗಿ ಬೇರೆಯಾಗುತ್ತವೆ. ಸೂತ್ರ ಒಂದೇ ಇದ್ದರೂ ಎರಡೂ ಒಂದೇ ವಸ್ತುವಲ್ಲ.

ಹಂತ 2: ಸಂದಿಯ ಎತ್ತರ

ಈಗ ಬೇಕಾದದ್ದು ಒಂದೇ ಸಂಖ್ಯೆ: ಆಕ್ಸಿಜನ್ನಿನ z ನಿರ್ದೇಶಾಂಕ. ಕೋಬಾಲ್ಟ್ ಅನ್ನು ಮೂಲಬಿಂದುವಿನಲ್ಲಿಟ್ಟ ಫೈಲಿನಲ್ಲಿ ಇದು ಸುಮಾರು 0.2605. ಗಟ್ಟಿ ಹಾಳೆಯ ದಪ್ಪವನ್ನು S, ಲಿಥಿಯಂ ಓಡಾಡುವ ಸಂದಿಯ ಎತ್ತರವನ್ನು I ಎಂದು ಕರೆದರೆ

S = 2(1/3 − z)c
I = c/3 − S

ಸಂಖ್ಯೆಗಳನ್ನು ಹಾಕಿದರೆ S = 2.05, I = 2.64 ಆಂಗ್‌ಸ್ಟ್ರಾಮ್. ಕೋಬಾಲ್ಟ್ ಆಕ್ಸಿಜನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಅದಕ್ಕೇ ಆ ಹಾಳೆ ತೆಳು. ಲಿಥಿಯಂನ ಹಿಡಿತ ಸಡಿಲ, ಹಾಗಾಗಿ ಆ ಕಡೆ ಸಂದಿ ಅಗಲ.

ಇಲ್ಲಿ ಒಂದು ಹಳ್ಳ ಇದೆ, ನಾನೇ ಬಿದ್ದಿದ್ದೇನೆ. ಎಷ್ಟೋ ಫೈಲುಗಳಲ್ಲಿ ಮೂಲಬಿಂದುವಿನಲ್ಲಿ ಇರುವುದು ಕೋಬಾಲ್ಟ್ ಅಲ್ಲ, ಲಿಥಿಯಂ. ಆಗ z 0.2395 ಎಂದಿರುತ್ತದೆ. ಅದನ್ನು ಹಾಗೇ ಮೇಲಿನ ಸೂತ್ರಕ್ಕೆ ಹಾಕಿದರೆ S 2.64, I 2.05 ಎಂದು ಅದಲುಬದಲಾಗಿ ಬರುತ್ತದೆ. ಯಾವ ತಂತ್ರಾಂಶವೂ ಎಚ್ಚರಿಕೆ ಕೊಡುವುದಿಲ್ಲ, ಎರಡೂ ಕಣ್ಣಿಗೆ ಸರಿಯಾದ ಸಂಖ್ಯೆಗಳಂತೆಯೇ ಕಾಣುತ್ತವೆ. ಇಷ್ಟು ಕಿರಿದಾದ ಸಂದಿಯಲ್ಲಿ ಲಿಥಿಯಂ ಹೇಗೆ ಓಡಾಡುತ್ತದೆ ಎಂದು ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಫೈಲಿನ ಮೊದಲ ಸಾಲು ಓದಿದೆ. ಸಂದಿ ಹಾಳೆಗಿಂತ ತೆಳುವಾಗಿ ಬಂತೆಂದರೆ z ಅನ್ನು 0.5ರಿಂದ ಕಳೆದು ಮತ್ತೆ ಲೆಕ್ಕ ಹಾಕಿ. ಖಾತ್ರಿಗೆ VESTAದಲ್ಲಿ ಬಂಧದ ಉದ್ದವನ್ನೂ ಅಳೆಯಿರಿ: ಕೋಬಾಲ್ಟ್‌ನಿಂದ ಆಕ್ಸಿಜನ್ನಿಗೆ 1.92, ಲಿಥಿಯಂನಿಂದ ಆಕ್ಸಿಜನ್ನಿಗೆ 2.09 ಆಂಗ್‌ಸ್ಟ್ರಾಮ್ ಸಿಗಬೇಕು.

ಹಂತ 3: ಒಂದು ಮನೆಯಿಂದ ಪಕ್ಕದ ಮನೆಗೆ ಎರಡು ದಾರಿ

ಈ ಮಾರ್ಗದರ್ಶಿಯ ಜೀವಾಳ ಈ ಹಂತ, ನಿಧಾನವಾಗಿ ಹೋಗೋಣ.

ಲಿಥಿಯಂ ಕೂತಿರುವ ಅಷ್ಟಮುಖಿಯಿಂದ ಪಕ್ಕದ ಅಷ್ಟಮುಖಿಗೆ ಇರುವ ದೂರ a, ಅಂದರೆ 2.816 ಆಂಗ್‌ಸ್ಟ್ರಾಮ್. ಮೇಲಿನ ಅಥವಾ ಕೆಳಗಿನ ಲಿಥಿಯಂ ಪದರಕ್ಕೆ ಹೋಗಲು ದಾರಿಯಿಲ್ಲ, ನಡುವೆ ಕೋಬಾಲ್ಟ್ ಹಾಳೆ ಅಡ್ಡ ಇದೆ. ಆದ್ದರಿಂದ ಇದು ಒಂದೇ ಅಂತಸ್ತಿನ ಓಡಾಟ. ಪಕ್ಕದ ಮನೆ ಖಾಲಿ ಇದ್ದರೆ ಅಲ್ಲಿಗೆ ಹೋಗಲು ಎರಡು ದಾರಿಗಳಿವೆ.

ಮೊದಲನೆಯದು ನೇರ ದಾರಿ. ಅಕ್ಕಪಕ್ಕದ ಎರಡು ಅಷ್ಟಮುಖಿಗಳಿಗೆ ಒಂದು ಅಂಚು ಸಮಾನ. ಆ ಅಂಚಿನ ಎರಡು ತುದಿಯಲ್ಲಿ ಎರಡು ಆಕ್ಸಿಜನ್, ಒಂದು ಮೇಲಿನ ಸಾಲಿನದು, ಇನ್ನೊಂದು ಕೆಳಗಿನದು. ಲಿಥಿಯಂ ನೇರವಾಗಿ ಹೋದರೆ ಈ ಎರಡರ ನಟ್ಟನಡುವೆ ನುಸುಳಬೇಕು. ಈ ಆಕ್ಸಿಜನ್ ಜೋಡಿ ಡಂಬೆಲ್ಲಿನಂತೆ ಕಾಣುವುದರಿಂದ ಇದಕ್ಕೆ ಡಂಬೆಲ್ ದಾರಿ ಎನ್ನುತ್ತಾರೆ.

ಎರಡನೆಯದು ಬಳಸುದಾರಿ. ಲಿಥಿಯಂ ಮೊದಲು ಪಕ್ಕದ ಸಣ್ಣ ಪೊಳ್ಳಿಗೆ, ಅಂದರೆ ಖಾಲಿ ಚತುರ್ಮುಖಿಗೆ ಹೋಗಿ, ಅಲ್ಲಿಂದ ತಿರುಗಿ ಆಚೆ ಮನೆಗೆ ಇಳಿಯುತ್ತದೆ. ಹೋಗುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಮೂರು ಆಕ್ಸಿಜನ್‌ಗಳ ತ್ರಿಕೋನ ಕಿಟಕಿಯನ್ನು ದಾಟಬೇಕು.

ಎರಡರಲ್ಲಿ ಇಕ್ಕಟ್ಟು ಎಷ್ಟೆಂದು ಈ ಪುಟ್ಟ ಕೋಡ್ ಹೇಳುತ್ತದೆ:

```python
from math import sqrt
a, c, z = 2.816, 14.05, 0.2605
S = 2*(1/3 - z)*c
I = c/3 - S
r = a/sqrt(3)
OO = sqrt(r**2 + I**2)
dumbbell = OO/2
window = OO**2 / (2*sqrt(OO**2 - a**2/4))
h = (I**2 - r**2)/(2*I)
print(S, I, dumbbell, window, h + S/2)
```

ಓಡಿಸಿದರೆ ಕೊನೆಯ ಮೂರು ಸಂಖ್ಯೆಗಳು 1.55, 1.74 ಮತ್ತು 1.84 ಎಂದು ಬರುತ್ತವೆ. ಒಂದೊಂದಾಗಿ ನೋಡೋಣ.

ಡಂಬೆಲ್ ದಾರಿಯ ನಡುಬಿಂದುವಿನಿಂದ ಆಕ್ಸಿಜನ್ ಕೇಂದ್ರಕ್ಕೆ 1.55 ಆಂಗ್‌ಸ್ಟ್ರಾಮ್. ತ್ರಿಕೋನ ಕಿಟಕಿಯ ನಡುವಿನಿಂದ 1.74. ಆಕ್ಸಿಜನ್ ಅಯಾನಿನ ತ್ರಿಜ್ಯ ಸುಮಾರು 1.40, ಲಿಥಿಯಂ ಅಯಾನಿನದು ಇಕ್ಕಟ್ಟಾದ ಜಾಗದಲ್ಲೂ 0.59. ಎರಡನ್ನೂ ಗಟ್ಟಿ ಗೋಲಿಗಳೆಂದುಕೊಂಡರೆ ಯಾವ ದಾರಿಯಲ್ಲೂ ತೂರಲು ಜಾಗವೇ ಇಲ್ಲ. ಆದರೆ ಅಯಾನುಗಳು ಗೋಲಿಗಳಲ್ಲ, ಒತ್ತಿದರೆ ಸ್ವಲ್ಪ ಸರಿಯುತ್ತವೆ, ಅದಕ್ಕೆ ಶಕ್ತಿ ಖರ್ಚಾಗುತ್ತದೆ. 1.55ರ ಸಂದಿಯಲ್ಲಿ ತೂರಲು ಆಗುವ ಖರ್ಚು 1.74ರ ಕಿಟಕಿಗಿಂತ ಬಹಳ ಹೆಚ್ಚು. ವಾನ್ ಡೆರ್ ವೆನ್ ಮತ್ತು ಸೀಡರ್ 2000ದ ಸುಮಾರಿಗೆ ಕ್ವಾಂಟಂ ಲೆಕ್ಕಾಚಾರದಿಂದ ತೋರಿಸಿದ್ದೂ ಇದನ್ನೇ: ಡಂಬೆಲ್ ದಾರಿಯಲ್ಲಿ ದಾಟಬೇಕಾದ ಶಕ್ತಿಯ ದಿಬ್ಬ 0.8 ಎಲೆಕ್ಟ್ರಾನ್ ವೋಲ್ಟ್ ಹತ್ತಿರ, ಚತುರ್ಮುಖಿ ದಾರಿಯದು ಅದಕ್ಕಿಂತ ಬಹಳ ತಗ್ಗು.

ಹಾಗಾದರೆ ಲಿಥಿಯಂ ಸದಾ ಬಳಸುದಾರಿಯನ್ನೇ ಹಿಡಿಯಬಾರದೇಕೆ? ಏಕೆಂದರೆ ಅದಕ್ಕೆ ಒಂದು ಷರತ್ತಿದೆ. ಲಿಥಿಯಂ ಪದರದ ಪ್ರತಿ ಚತುರ್ಮುಖಿಗೂ ನಾಲ್ಕು ಮುಖ. ಮೂರು ಮುಖಗಳು ಮೂರು ಲಿಥಿಯಂ ಮನೆಗಳಿಗೆ ತೆರೆದಿವೆ, ನಾಲ್ಕನೆಯದು ಕೋಬಾಲ್ಟ್‌ಗೆ ಆನಿಕೊಂಡಿದೆ. ಮೂರು ಮನೆಗಳಲ್ಲಿ ಒಂದು ನಮ್ಮ ಲಿಥಿಯಂ ಹೊರಟದ್ದು, ಇನ್ನೊಂದು ಸೇರಬೇಕಾದದ್ದು. ಮೂರನೆಯದರಲ್ಲಿ ಬೇರೊಂದು ಲಿಥಿಯಂ ಕೂತಿದ್ದರೆ? ಎರಡೂ ಧನ ಅಯಾನುಗಳು, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ. ಆ ವಿಕರ್ಷಣೆಗೆ ಬಳಸುದಾರಿ ಮುಚ್ಚಿಹೋಗುತ್ತದೆ. ಅಂದರೆ ಸುಲಭದ ದಾರಿ ತೆರೆಯಬೇಕಾದರೆ ಒಂದು ಖಾಲಿ ಮನೆ ಸಾಲದು, ಒಂದರ ಪಕ್ಕ ಒಂದು, ಎರಡು ಖಾಲಿ ಮನೆಗಳು ಬೇಕು.

ಮೂರನೆಯ ಸಂಖ್ಯೆ 1.84, ಚತುರ್ಮುಖಿಯ ನಡುವಿನಿಂದ ಕೋಬಾಲ್ಟ್‌ಗೆ ಇರುವ ದೂರ. ಬಂಧದ ಉದ್ದಕ್ಕಿಂತಲೂ ಕಡಿಮೆ, ಅದೂ ಎರಡು ಧನ ಅಯಾನುಗಳ ನಡುವೆ! ಚಾರ್ಜ್ ಆಗುತ್ತಾ ಕೋಬಾಲ್ಟ್ 3+ ನಿಂದ 4+ ಕಡೆಗೆ ಹೋದಂತೆ ಈ ತಳ್ಳುವಿಕೆ ಹೆಚ್ಚುತ್ತದೆ. ಸಂದಿ ಎತ್ತರವಾದರೆ ಲಿಥಿಯಂಗೆ ಕೋಬಾಲ್ಟ್‌ನಿಂದ ದೂರ ನಿಲ್ಲಲು ಜಾಗ ಸಿಗುತ್ತದೆ. ಕೋಡಿನಲ್ಲಿ c ಅನ್ನು ಸ್ವಲ್ಪ ಹೆಚ್ಚಿಸಿ ಮತ್ತೆ ಓಡಿಸಿ, ಕಿಟಕಿಯೂ ಈ ದೂರವೂ ಒಟ್ಟಿಗೆ ಹಿಗ್ಗುವುದು ಕಾಣುತ್ತದೆ.

ಹಂತ 4: ದಿಬ್ಬದ ಎತ್ತರದಿಂದ ಚಾರ್ಜಿಂಗ್ ಸಮಯಕ್ಕೆ

ಒಂದು ನೆಗೆತದ ದಿಬ್ಬ E ಗೊತ್ತಿದ್ದರೆ ಲಿಥಿಯಂ ಹರಡುವ ವೇಗವನ್ನು, ಅಂದರೆ ವಿಸರಣ ಗುಣಾಂಕ D ಯನ್ನು, ಹೀಗೆ ಅಂದಾಜು ಮಾಡಬಹುದು:

D ≈ a² × ν × p × exp(−E/kT)

ν ಎಂದರೆ ಲಿಥಿಯಂ ತನ್ನ ಮನೆಯಲ್ಲಿ ಕಂಪಿಸುತ್ತಾ ಗೋಡೆಗೆ ಬಡಿಯುವ ದರ, ಸೆಕೆಂಡಿಗೆ ಸುಮಾರು 10¹³ ಸಲ. p ಎಂದರೆ ಆ ನೆಗೆತಕ್ಕೆ ಬೇಕಾದ ಖಾಲಿ ಜಾಗ ಪಕ್ಕದಲ್ಲಿರುವ ಸಂಭವ. ಕೋಣೆಯ ಉಷ್ಣತೆಯಲ್ಲಿ kT 0.0259 ಎಲೆಕ್ಟ್ರಾನ್ ವೋಲ್ಟ್. ಈ ಸೂತ್ರದಲ್ಲಿ ದರ್ಬಾರು ನಡೆಸುವುದು ಘಾತ ಪದ: ದಿಬ್ಬ 0.06 ಏರಿದರೆ ವೇಗ ಹತ್ತರಲ್ಲೊಂದಾಗುತ್ತದೆ. 0.8ರ ಡಂಬೆಲ್ ದಾರಿಯನ್ನೂ 0.3ರ ಬಳಸುದಾರಿಯನ್ನೂ ಹೋಲಿಸಿದರೆ ವ್ಯತ್ಯಾಸ ಸುಮಾರು 25 ಕೋಟಿ ಪಟ್ಟು. ಹಾಗಾಗಿ ಡಂಬೆಲ್ ದಾರಿಯನ್ನು ಮುಚ್ಚಿದೆ ಎಂದೇ ತಿಳಿದು ಮುಂದುವರಿಯಬಹುದು.

p ಯ ಕಥೆಯೂ ಮುಖ್ಯ. ಖಾಲಿ ಮನೆಗಳು ಅಡ್ಡಾದಿಡ್ಡಿ ಹರಡಿವೆ ಎಂದುಕೊಳ್ಳಿ. ನೂರಕ್ಕೆ ಐದು ಖಾಲಿ ಇದ್ದಾಗ ಅಕ್ಕಪಕ್ಕ ಎರಡು ಖಾಲಿ ಸಿಗುವ ಸಂಭವ 0.05 × 0.05, ಅಂದರೆ ಸಾವಿರಕ್ಕೆ ಎರಡೂವರೆ. ಅರ್ಧ ಖಾಲಿಯಾದಾಗ ನಾಲ್ಕಕ್ಕೊಂದು. ಕ್ಯಾಥೋಡ್ ಪೂರ್ತಿ ತುಂಬಿದಾಗ ಲಿಥಿಯಂ ಅಲುಗಾಡಲಾರದೆ ಕೂರುವುದು ಇದರಿಂದ. ನಿಕ್ಕಲ್ ಹೆಚ್ಚಿರುವ ಪದರ ಕ್ಯಾಥೋಡ್‌ಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಮೊದಲ ಡಿಸ್‌ಚಾರ್ಜ್‌ನ ಕೊನೆಯಲ್ಲಿ ವೋಲ್ಟೇಜ್ ಧೊಪ್ಪನೆ ಬೀಳುತ್ತದೆ, ಕೆಪಾಸಿಟಿ ಕಳೆದುಹೋಯಿತು ಅನಿಸುತ್ತದೆ. ಅದೇ ಕಡಿಮೆ ವೋಲ್ಟೇಜಿನಲ್ಲಿ ಕೆಲವು ಗಂಟೆ ಹಿಡಿದಿಟ್ಟರೆ ಕಳೆದುಹೋದದ್ದರಲ್ಲಿ ಬಹುಪಾಲು ನಿಧಾನವಾಗಿ ವಾಪಸ್ ಬರುತ್ತದೆ. ಲಿಥಿಯಂ ನಾಶವಾಗಿರಲಿಲ್ಲ, ದಾರಿ ಸಿಗದೆ ಬಾಗಿಲಲ್ಲಿ ನಿಂತಿತ್ತು.

ಈಗ ಸಮಯ. L ದೂರವನ್ನು ದಾಟಲು ಬೇಕಾದ ಹೊತ್ತು ಸರಿಸುಮಾರು L²/D. LiCoO₂ದಲ್ಲಿ ಪ್ರಯೋಗದಿಂದ ಅಳೆದ D ಹೆಚ್ಚಾಗಿ ಸೆಕೆಂಡಿಗೆ 10⁻¹¹ರಿಂದ 10⁻⁹ ಚದರ ಸೆಂಟಿಮೀಟರ್ ನಡುವೆ ಬರುತ್ತದೆ. 10 ಮೈಕ್ರಾನ್ ಗಾತ್ರದ ಕಣ, ಅಂದರೆ L 5 ಮೈಕ್ರಾನ್, D 10⁻¹⁰ ಎಂದು ಹಿಡಿದರೆ 2500 ಸೆಕೆಂಡ್, ಸುಮಾರು 42 ನಿಮಿಷ. ಒಂದು ಗಂಟೆಯ ಚಾರ್ಜ್‌ಗೆ ಅಂತೂ ಸಾಕು. D 10⁻¹¹ಕ್ಕೆ ಇಳಿದರೆ ಅದೇ ಕಣಕ್ಕೆ ಏಳು ಗಂಟೆ ಬೇಕು. ಕಣ ಚಪ್ಪಟೆ ಹಾಳೆಯಂತಿದ್ದರೆ L ಎಂದು ಅದರ ದಪ್ಪವನ್ನು ಹಾಕಬೇಡಿ. ಹಾಳೆಯ ಅಡ್ಡಕ್ಕೆ ದಾರಿಯೇ ಇಲ್ಲ, ಲಿಥಿಯಂ ಅಂಚಿನಿಂದ ಒಳಬರಬೇಕು, ಆದ್ದರಿಂದ ಅಗಲದ ಅರ್ಧವೇ L. ಕಣ ತೆಳ್ಳಗಿದೆ, ವೇಗವಾಗಿ ಚಾರ್ಜ್ ಆಗುತ್ತದೆ ಎಂದು ನಂಬಿ ಮೋಸಹೋಗುವುದು ಇಲ್ಲೇ.

ದಿಬ್ಬವನ್ನು ನೀವೇ ಲೆಕ್ಕ ಹಾಕಬೇಕೆಂದಿದ್ದರೆ ಅದಕ್ಕೆ NEB ಎಂಬ ವಿಧಾನವಿದೆ. ಉಚಿತ ತಂತ್ರಾಂಶ Quantum ESPRESSOದಲ್ಲಿ `neb.x` ಅದನ್ನು ಮಾಡುತ್ತದೆ. ಆರಂಭ ಮತ್ತು ಅಂತ್ಯದ ಸ್ಥಿತಿ ಕೊಟ್ಟರೆ ನಡುವಿನ ಐದಾರು ಸ್ಥಿತಿಗಳನ್ನು, ಅಂದರೆ ಚಿತ್ರಗಳನ್ನು, ಅದು ದಾರಿಗೆ ಹೊಂದಿಸುತ್ತದೆ. ಹೊಸಬರು ಎಡವುವ ಜಾಗ ಒಂದಿದೆ: ಎರಡು ಖಾಲಿ ಮನೆ ಇಟ್ಟಿದ್ದರೂ ನಡುವಿನ ಚಿತ್ರಗಳನ್ನು ಸರಳರೇಖೆಯಲ್ಲಿ ಜೋಡಿಸಿದರೆ ಅವು ಡಂಬೆಲ್ಲಿನ ನಡುವೆಯೇ ಬೀಳುತ್ತವೆ, ಸಮ್ಮಿತಿಯಿಂದಾಗಿ ಪಕ್ಕಕ್ಕೆ ಸರಿಯದೆ ಅಲ್ಲೇ ಸಿಕ್ಕಿಕೊಳ್ಳಬಹುದು. ನಡುವಿನ ಚಿತ್ರವನ್ನು ನೀವೇ ಚತುರ್ಮುಖಿಯ ಕಡೆಗೆ ಸ್ವಲ್ಪ ತಳ್ಳಿಕೊಡಿ. ಫಲಿತಾಂಶದಲ್ಲಿ ನಡುವೆ ಎತ್ತರದ ಒಂದೇ ಶಿಖರ ಬಂದರೆ ನೀವಿನ್ನೂ ಡಂಬೆಲ್ ದಾರಿಯಲ್ಲಿದ್ದೀರಿ. ದಿಬ್ಬ ತಗ್ಗಿ, ನಡುವೆ ಚತುರ್ಮುಖಿಯ ಬಳಿ ತಗ್ಗೋ ಸಮತಟ್ಟೋ ಕಂಡರೆ ಸರಿಯಾದ ದಾರಿಗೆ ಬಂದಿರಿ.

ಹಂತ 5: ಲಿಥಿಯಂ ತೆಗೆಯುತ್ತಾ ಹೋದಂತೆ ಸಂದಿ ಏನಾಗುತ್ತದೆ

ಇಲ್ಲಿಯವರೆಗೆ ಸ್ಫಟಿಕ ಅಲುಗಾಡುವುದಿಲ್ಲ ಎಂದುಕೊಂಡೆವು. ನಿಜದಲ್ಲಿ ಚಾರ್ಜ್ ಆಗುವಾಗ ಪದರಗಳು ಉಸಿರಾಡುತ್ತವೆ. LiₓCoO₂ ಎಂದು ಬರೆದಾಗ x ಎಂದರೆ ಉಳಿದಿರುವ ಲಿಥಿಯಂನ ಪಾಲು. ಪೂರ್ತಿ ತುಂಬಿದಾಗ 1.

ಮೊದಲು ಸಂದಿ ಹಿಗ್ಗುತ್ತದೆ. ಮೇಲಿನ ಆಕ್ಸಿಜನ್ ಸಾಲು, ಕೆಳಗಿನ ಆಕ್ಸಿಜನ್ ಸಾಲು ಎರಡೂ ಋಣ, ನಡುವಿನ ಧನ ಲಿಥಿಯಂ ಅವನ್ನು ಅಂಟಿನಂತೆ ಹಿಡಿದಿತ್ತು. ಅಂಟು ತೆಗೆದಂತೆ ಅವು ಒಂದನ್ನೊಂದು ದೂರ ತಳ್ಳುತ್ತವೆ. c 14.05ರಿಂದ ಏರುತ್ತಾ x 0.5ರ ಹತ್ತಿರ ಸುಮಾರು 14.4 ಮುಟ್ಟುತ್ತದೆ. ಇದು ಲಿಥಿಯಂಗೆ ಸುಗ್ಗಿಯ ಕಾಲ: ಜೋಡಿ ಖಾಲಿ ಮನೆಗಳೂ ಬೇಕಾದಷ್ಟಿವೆ, ಕಿಟಕಿಯೂ ಅಗಲ. ಸರಿಯಾಗಿ 0.5ರಲ್ಲಿ ಮಾತ್ರ ಸಣ್ಣ ತಡೆ ಇದೆ. ಅಲ್ಲಿ ಲಿಥಿಯಂಗಳು ಒಂದು ಬಿಟ್ಟು ಒಂದು ಸಾಲಾಗಿ ಕ್ರಮದಲ್ಲಿ ನಿಲ್ಲುತ್ತವೆ, ಸಮ್ಮಿತಿ ಏಕನತ ರೂಪಕ್ಕೆ ತಿರುಗುತ್ತದೆ. 1992ರಲ್ಲಿ ರೈಮರ್ಸ್ ಮತ್ತು ಡಾನ್ ಇದನ್ನು ಚಾರ್ಜ್ ಮಾಡುತ್ತಲೇ ಎಕ್ಸ್‌ರೇ ಹಾಯಿಸಿ ದಾಖಲಿಸಿದರು.

ಆಮೇಲೆ ಕಥೆ ತಿರುಗುತ್ತದೆ. ಇನ್ನೂ ಲಿಥಿಯಂ ತೆಗೆದರೆ ಎಲೆಕ್ಟ್ರಾನುಗಳು ಕೋಬಾಲ್ಟ್‌ನಿಂದ ಮಾತ್ರವಲ್ಲ, ಆಕ್ಸಿಜನ್ನಿನಿಂದಲೂ ಹೋಗತೊಡಗುತ್ತವೆ, ಏಕೆಂದರೆ ಇವೆರಡರ ಶಕ್ತಿಮಟ್ಟಗಳು ಒಂದರ ಮೇಲೊಂದು ಬಿದ್ದಿವೆ. ಆಕ್ಸಿಜನ್ನಿನ ಋಣ ತಗ್ಗಿತೆಂದರೆ ಸಾಲುಗಳ ನಡುವಿನ ತಳ್ಳುವಿಕೆಯೂ ತಗ್ಗುತ್ತದೆ. ನಡುವೆ ಕಂಬದಂತೆ ನಿಂತಿದ್ದ ಲಿಥಿಯಂಗಳೂ ಈಗ ಅಪರೂಪ. ಸೂರು ಕುಸಿಯುತ್ತದೆ. 1996ರಲ್ಲಿ ಅಮಾಟುಚ್ಚಿ, ಟರಾಸ್ಕೋನ್ ಮತ್ತು ಕ್ಲೈನ್ ಲಿಥಿಯಂ ಪೂರ್ತಿ ತೆಗೆದ CoO₂ ಅನ್ನು ಪಡೆದು ತೋರಿಸಿದಾಗ ಪದರದಿಂದ ಪದರಕ್ಕೆ ಇದ್ದ ದೂರ 4.29 ಆಂಗ್‌ಸ್ಟ್ರಾಮ್ ಮಾತ್ರ. ಅರ್ಧ ಚಾರ್ಜ್‌ನಲ್ಲಿ ಅದು 4.8 ಇತ್ತು.

ಕುಸಿತ ಒಂದೇ ಸಲ ಆಗುವುದಿಲ್ಲ. ಲಿಥಿಯಂ ಲೋಹದ ಎದುರು ಸುಮಾರು 4.55 ವೋಲ್ಟ್‌ನಲ್ಲಿ ಒಂದು ಪದರದಲ್ಲಿ ಲಿಥಿಯಂ ಉಳಿದು, ಮುಂದಿನದು ಖಾಲಿಯಾಗಿ, ಹಾಳೆಗಳು ಪಕ್ಕಕ್ಕೆ ಜಾರುತ್ತವೆ. H1-3 ಎಂಬ ಈ ಮಿಶ್ರ ಹಂತ ಮುಗಿದ ಮೇಲೆ ಎಲ್ಲ ಹಾಳೆಗಳೂ ಜಾರಿ O1 ರಚನೆ ಬರುತ್ತದೆ. ಕಣದ ಅಂಚು ಮೊದಲು ಕುಗ್ಗಿ ಒಳಭಾಗ ಹಿಗ್ಗಿಯೇ ಇದ್ದಾಗ ಬಿರುಕು ಬಿಡದೆ ವಿಧಿಯಿಲ್ಲ. ಮೇಲ್ಮೈಯಿಂದ ಆಕ್ಸಿಜನ್ ಕಳಚಿಕೊಳ್ಳುವುದೂ ಈ ವೇಳೆಗೇ.

ಇದನ್ನು ಕಾಣುವ ಬಗೆ: ತಾಮ್ರದ ಎಕ್ಸ್‌ರೇ ಬಳಸುವ ಡಿಫ್ರಾಕ್ಟೋಮೀಟರಿನಲ್ಲಿ ಪದರದಿಂದ ಪದರಕ್ಕಿರುವ ದೂರವನ್ನು ಹೇಳುವ 003 ಶಿಖರವೊಂದನ್ನೇ ಹಿಂಬಾಲಿಸಿ. ಹೊಸ ಪುಡಿಯಲ್ಲಿ ಅದು 18.9 ಡಿಗ್ರಿಯಲ್ಲಿರುತ್ತದೆ. ಚಾರ್ಜ್ ಆಗುತ್ತಾ ಎಡಕ್ಕೆ ಸರಿದು ಅರ್ಧದ ಹೊತ್ತಿಗೆ 18.4ರ ಸುತ್ತ ಬರುತ್ತದೆ. ಆಮೇಲೆ ನಿಂತು, ಬಲಕ್ಕೆ ತಿರುಗುತ್ತದೆ. ಪೂರ್ತಿ ಕುಸಿದ ರಚನೆಯಲ್ಲಿ ಇದಕ್ಕೆ ಸಮನಾದ ಶಿಖರ 20.7ರಲ್ಲಿ. ಎಡಕ್ಕೆ ಅರ್ಧ ಡಿಗ್ರಿ, ಬಲಕ್ಕೆ ಎರಡು ಡಿಗ್ರಿಗೂ ಹೆಚ್ಚು: ಸ್ಫಟಿಕಕ್ಕೆ ಯಾವ ಅರ್ಧ ಸುಲಭ, ಯಾವ ಅರ್ಧ ಪ್ರಾಣಸಂಕಟ ಎಂಬುದು ಈ ಎರಡು ಸಂಖ್ಯೆಗಳಲ್ಲೇ ಇದೆ.

ಹಂತ 6: ಕೆಪಾಸಿಟಿಯ ಲೆಕ್ಕ

LiCoO₂ದ ಮೋಲಾರ್ ತೂಕ 97.87 ಗ್ರಾಂ. ಒಂದು ಮೋಲ್ ಲಿಥಿಯಂ ಪೂರ್ತಿ ಹೊರಬಂದರೆ 96485 ಕೂಲಂಬ್. ಅದನ್ನು 3.6ರಿಂದಲೂ 97.87ರಿಂದಲೂ ಭಾಗಿಸಿದರೆ ಗ್ರಾಮಿಗೆ 273.8 ಮಿಲಿಆಂಪ್-ಅವರ್. ಈಗ ಯಾವುದೇ ಅಳತೆಯನ್ನು x ಗೆ ತಿರುಗಿಸಬಹುದು:

x = 1 − (ಅಳೆದ ಕೆಪಾಸಿಟಿ)/273.8

ಲಿಥಿಯಂ ಲೋಹದ ಎದುರು 4.2 ವೋಲ್ಟ್‌ವರೆಗೆ ಚಾರ್ಜ್ ಮಾಡಿದಾಗ ಸುಮಾರು 140 ಸಿಗುತ್ತದೆ, x 0.49. ಇದು c ಶಿಖರ ಮುಟ್ಟುವ ಜಾಗವೇ. ಅಂದರೆ ಹಳೆಯ ಮಿತಿ ಸುಮ್ಮನೆ ಇಟ್ಟುಕೊಂಡದ್ದಲ್ಲ, ಹೆಚ್ಚುಕಡಿಮೆ ಸೂರು ಏರುತ್ತಿರುವಷ್ಟು ಹೊತ್ತು ಮಾತ್ರ ಲಿಥಿಯಂ ತೆಗೆಯುವ ಮಿತಿ ಅದು. 4.5 ವೋಲ್ಟ್‌ವರೆಗೆ ಹೋದರೆ ಸುಮಾರು 185 ಸಿಗುತ್ತದೆ, x 0.32. ಸೂರು ಇಳಿಯುತ್ತಿದೆ, ಆದರೆ ಹಾಳೆಗಳು ಇನ್ನೂ ಜಾರಿಲ್ಲ. 4.6 ದಾಟಿದರೆ 220 ಸಿಕ್ಕೀತು, x 0.2ಕ್ಕೆ ಇಳಿಯುತ್ತದೆ, ನೀವು H1-3 ಹಂತದೊಳಗೆ ಕಾಲಿಟ್ಟಿರುತ್ತೀರಿ. ಮೊದಲ ಸಲ ಸಿಕ್ಕ 220 ಹತ್ತಾರು ಚಕ್ರಗಳಲ್ಲಿ ಕರಗುತ್ತದೆ.

ಒಂದು ಎಚ್ಚರ. ಮೊಬೈಲ್ ಲೇಬಲ್ಲಿನ ವೋಲ್ಟೇಜ್ ಗ್ರಾಫೈಟ್ ಆನೋಡ್ ಎದುರಿನದು. ಪ್ರಯೋಗಾಲಯದ ಕಾಯಿನ್ ಸೆಲ್‌ನದು ಲಿಥಿಯಂ ಲೋಹದ ಎದುರಿನದು. ಚಾರ್ಜ್ ತುಂಬಿದ ಗ್ರಾಫೈಟ್ ಲಿಥಿಯಂಗಿಂತ ಸುಮಾರು 0.1 ವೋಲ್ಟ್ ಮೇಲಿರುವುದರಿಂದ ಲೇಬಲ್ಲಿನ 4.2 ಎಂದರೆ ಇಲ್ಲಿಯ ಲೆಕ್ಕದಲ್ಲಿ 4.3ರ ಹತ್ತಿರ, 4.4 ಎಂದರೆ 4.5ರ ಹತ್ತಿರ. ಇದನ್ನು ಮರೆತರೆ ನಿಮ್ಮ x ತಪ್ಪುತ್ತದೆ. ಹೊಸ ಬ್ಯಾಟರಿಗಳು ಅಷ್ಟು ಮೇಲೆ ಹೋಗಲು ಕಾರಣ ಪುಡಿಯಲ್ಲಿ ಸೇರಿಸುವ ಅಲ್ಯೂಮಿನಿಯಂ, ಮೆಗ್ನೀಶಿಯಂ, ಟೈಟಾನಿಯಂನ ಸಣ್ಣ ಅಂಶ ಮತ್ತು ಕಣಗಳ ಮೇಲಿನ ಲೇಪ. ಇವು ಹಾಳೆಗಳ ಜಾರುವಿಕೆಯನ್ನೂ ಮೇಲ್ಮೈಯ ಆಕ್ಸಿಜನ್ ಕಳಚುವುದನ್ನೂ ಮುಂದಕ್ಕೆ ತಳ್ಳುತ್ತವೆ.

ಹಂತ 7: ಕೆಪಾಸಿಟಿ ಕಡಿಮೆ ಬಂದರೆ ತಪ್ಪು ದಾರಿಯದೋ ಮನೆಯದೋ?

ನಿಮ್ಮ ಸೆಲ್ 4.3 ವೋಲ್ಟ್‌ವರೆಗೆ 155 ಕೊಡಬೇಕಿತ್ತು, 120 ಕೊಟ್ಟಿತು ಎನ್ನಿ. ಮೊದಲು ಕರೆಂಟನ್ನು ಇಪ್ಪತ್ತು ಗಂಟೆಯ ಚಾರ್ಜ್‌ಗೆ ಇಳಿಸಿ ಇನ್ನೊಂದು ಚಕ್ರ ಓಡಿಸಿ. 150ಕ್ಕೆ ಏರಿತೆಂದರೆ ಸ್ಫಟಿಕ ಸರಿಯಿದೆ, ದಾರಿ ಉದ್ದವಾಗಿದೆ: ಕಣಗಳ ಗಾತ್ರವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, L²/D ಮತ್ತೆ ಲೆಕ್ಕ ಹಾಕಿ. ಎಲೆಕ್ಟ್ರೋಡಿನ ದಪ್ಪ ಮತ್ತು ಕಾರ್ಬನ್ ಸಂಪರ್ಕವನ್ನೂ ಪರಿಶೀಲಿಸಿ, ಅವೂ ಇದೇ ಲಕ್ಷಣ ತೋರಿಸುತ್ತವೆ.

ನಿಧಾನವಾಗಿಯೂ 120 ದಾಟದಿದ್ದರೆ ಮನೆಗಳೇ ಕಡಿಮೆಯಾಗಿವೆ. ಆಗ ಯಾವ ವೋಲ್ಟೇಜಿನಲ್ಲಿ ಎಷ್ಟು ಚಾರ್ಜ್ ಸೇರುತ್ತದೆಂದು ತೋರಿಸುವ dQ/dV ವಕ್ರರೇಖೆ ಬರೆಯಿರಿ. ಒಳ್ಳೆಯ LiCoO₂ದಲ್ಲಿ 3.9 ವೋಲ್ಟ್ ಬಳಿ ಒಂದು ದೊಡ್ಡ ಶಿಖರ, 4.07 ಮತ್ತು 4.17ರ ಬಳಿ ಎರಡು ಪುಟ್ಟ ಶಿಖರಗಳು ಇರುತ್ತವೆ. ಆ ಎರಡು ಪುಟ್ಟವು x 0.5ರ ಕ್ರಮಬದ್ಧ ಸಾಲಿನ ಆರಂಭ ಮತ್ತು ಅಂತ್ಯ. ಲಿಥಿಯಂ ಪದರ ಸ್ವಚ್ಛವಾಗಿದ್ದರೆ ಮಾತ್ರ ಆ ಸಾಲು ಏರ್ಪಡುತ್ತದೆ. ಬೇರೆ ಅಯಾನುಗಳು ಪದರದಲ್ಲಿ ಸೇರಿಕೊಂಡಿದ್ದರೆ, ಅಥವಾ ತಯಾರಿಕೆಯಲ್ಲಿ ಲಿಥಿಯಂ ಹೆಚ್ಚಾಗಿ ಬಿದ್ದಿದ್ದರೆ, ಈ ಎರಡು ಮೊದಲು ಮಾಯವಾಗುತ್ತವೆ.

ನಿಕ್ಕಲ್ ಇರುವ ಕ್ಯಾಥೋಡ್‌ನಲ್ಲಿ ಈ ರೋಗ ಇನ್ನೂ ಸಾಮಾನ್ಯ. Ni²⁺ನ ತ್ರಿಜ್ಯ 0.69, Li⁺ನದು 0.76 ಆಂಗ್‌ಸ್ಟ್ರಾಮ್. ಗಾತ್ರ ಇಷ್ಟು ಹತ್ತಿರವಾದ್ದರಿಂದ ನಿಕ್ಕಲ್ ಲಿಥಿಯಂ ಮನೆಯಲ್ಲಿ ಹೋಗಿ ಕೂರುತ್ತದೆ. ಒಂದು ಮನೆ ಹೋಯಿತು ಎಂಬಷ್ಟಕ್ಕೇ ಮುಗಿಯುವುದಿಲ್ಲ. ಎರಡರ ಧನ ಇರುವುದರಿಂದ ಅದು ಸುತ್ತಲಿನ ಆಕ್ಸಿಜನ್ ಸಾಲುಗಳನ್ನು ಒಳಗೆಳೆದು ಆ ಭಾಗದ ಸಂದಿಯನ್ನೇ ತಗ್ಗಿಸುತ್ತದೆ, ಪಕ್ಕದ ಕಿಟಕಿಗಳೂ ಕಿರಿದಾಗುತ್ತವೆ. ಎಕ್ಸ್‌ರೇಯಲ್ಲಿ 003 ಶಿಖರದ ಎತ್ತರವನ್ನು 104ರ ಎತ್ತರದಿಂದ ಭಾಗಿಸಿ. 1.2ಕ್ಕಿಂತ ಕೆಳಗೆ ಬಂದರೆ ಬೆರಕೆ ಹೆಚ್ಚಿದೆ ಎಂದು ಹೆಚ್ಚಿನವರು ಎಣಿಸುತ್ತಾರೆ. ಆದರೆ ಪುಡಿಯನ್ನು ಗಾಜಿನ ಮೇಲೆ ಒತ್ತಿ ಸವರಿದ್ದರೆ ಚಪ್ಪಟೆ ಕಣಗಳು ಒಂದೇ ದಿಕ್ಕಿಗೆ ಮಲಗಿ 003 ಸುಳ್ಳೇ ಎತ್ತರವಾಗುತ್ತದೆ. ಹಾಗಾಗಿ ಪುಡಿಯನ್ನು ಒತ್ತದೆ ಸಡಿಲವಾಗಿ ತುಂಬಿ ಇನ್ನೊಮ್ಮೆ ಅಳೆಯಿರಿ. ಎರಡೂ ಸಲ ಒಂದೇ ಅನುಪಾತ ಬಂದರೆ ಮಾತ್ರ ಅದನ್ನು ನೋಟ್‌ಬುಕ್ಕಿಗೆ ಏರಿಸಿ, ಆಮೇಲೆ ಹಂತ 2ಕ್ಕೆ ಮರಳಿ, ಆ ಪುಡಿಯದೇ a, c, z ಹಾಕಿ ಸಂದಿಯನ್ನು ಹೊಸದಾಗಿ ಲೆಕ್ಕ ಹಾಕಿ.